ರಿಸ್ಕ್ ರಿಜಿಸ್ಟರಿನಲ್ಲಿ ‘ಮಳೆ’ ಅಂತ ಬರೆದು ಮುಗಿಸುವವರಿಗೆ: ರಿಸ್ಕ್, ಹಜಾರ್ಡ್, ಥ್ರೆಟ್, ಎಕ್ಸ್‌ಪೋಶರ್ ಬೇರ್ಪಡಿಸುವ ಕ್ರಮ

ರಾಯಚೂರು, ಕೊಪ್ಪಳ ಕಡೆಯ ಕಾಮಗಾರಿಗಳ ರಿಸ್ಕ್ ರಿಜಿಸ್ಟರು, ಅಂದರೆ ಬರಬಹುದಾದ ತೊಂದರೆಗಳನ್ನು ಮೊದಲೇ ಬರೆದಿಡುವ ಪಟ್ಟಿ, ನನ್ನ ಮೇಜಿಗೆ ಬಂದಾಗ ಮೊದಲ ಹತ್ತು ಸಾಲು ಹೆಚ್ಚುಕಡಿಮೆ ಹೀಗೇ ಇರುತ್ತವೆ: ‘ಮಳೆ’, ‘ಆಳದ ಕಂದಕ’, ‘ಕಳ್ಳತನ’, ‘ಕಾರ್ಮಿಕರು’, ‘ಕಾಲುವೆ ನೀರು’. ಎಲ್ಲವೂ ‘ರಿಸ್ಕ್’ ಎಂಬ ಒಂದೇ ಕಾಲಮ್ಮಿನಲ್ಲಿ. ಪಕ್ಕದಲ್ಲಿ 3, 4, 12 ಎಂದು ಅಂಕಿ. ಕೊನೆಯಲ್ಲಿ ‘ಸೂಕ್ತ ಮುನ್ನೆಚ್ಚರಿಕೆ ವಹಿಸಲಾಗುವುದು’. ತಿದ್ದಿ ಕಳಿಸಿದರೆ ಮುಂದಿನ ಸಲ ‘ಭಾರಿ ಮಳೆ’ ಎಂದು ಬರುತ್ತದೆ.

ಇದಕ್ಕೆ ಅರ್ಧ ಕಾರಣ ನಮ್ಮ ಭಾಷೆಯಲ್ಲೇ ಇದೆ. ‘ಅಪಾಯ’ ಎಂಬ ಒಂದೇ ಪದದಿಂದ ಎಲ್ಲ ಕೆಲಸ ತೆಗೆಯುತ್ತೇವೆ. ಟ್ರಾನ್ಸ್‌ಫಾರ್ಮರ್ ಬೇಲಿಯ ಮೇಲೆ ತಲೆಬುರುಡೆ ಚಿತ್ರದ ಕೆಳಗೆ ‘ಅಪಾಯ’ ಎಂದಿದ್ದರೆ ಅದು ಹಜಾರ್ಡ್. ‘ಈ ರೇಟಿಗೆ ಕೆಲಸ ಹಿಡಿಯೋದು ಅಪಾಯ’ ಎಂದರೆ ರಿಸ್ಕ್. ‘ಅವನಿಂದ ಅಪಾಯ ಇದೆ’ ಎಂದರೆ ಥ್ರೆಟ್. ಹಾಗಾಗಿ ಇಲ್ಲಿ ಇಂಗ್ಲಿಷಿನ ನಾಲ್ಕು ಪದಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಆದರೆ ಅವುಗಳನ್ನು ಗುರುತಿಸುವ ಒರೆಗಲ್ಲು ಕನ್ನಡದ ಕ್ರಿಯಾಪದದಲ್ಲಿದೆ, ಅದನ್ನು ಮುಂದೆ ಹೇಳುತ್ತೇನೆ.

ಉದಾಹರಣೆಗೆ ಒಂದೇ ಕಾಮಗಾರಿ ಇಟ್ಟುಕೊಳ್ಳೋಣ. ಸಿಂಧನೂರು ತಾಲೂಕಿನ ಒಂದು ಹಳ್ಳಿಗೆ ಕುಡಿಯುವ ನೀರಿನ ಪೈಪ್‌ಲೈನು: 4.2 ಕಿ.ಮೀ., 200 ಮಿ.ಮೀ. ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪು, ಕಪ್ಪು ಎರಿ ಭೂಮಿ. ನಡುವೆ ಒಂದು ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಡಿಸ್ಟ್ರಿಬ್ಯೂಟರಿ ಎಂಬ ಉಪಕಾಲುವೆಯನ್ನು ಅಗೆದು ದಾಟಬೇಕು. ಆ ದಾಟುವ ಕೆಲಸಕ್ಕೆ 12 ದಿನ. ಕಾಮಗಾರಿ ನನ್ನ ಕಣ್ಣೆದುರು ನಡೆದಂಥದ್ದೇ, ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗುವಂತೆ ದುಂಡಗೆ ಮಾಡಿದ್ದೇನೆ.

## ಕೂರುವ ಮೊದಲು ಕೈಲಿರಬೇಕಾದವು

ಕೆಲಸದ ನಕ್ಷೆ, ಟೇಪು, ಕೆಲಸದ ವೇಳಾಪಟ್ಟಿ, ಒಂದು ಎಕ್ಸೆಲ್ ಹಾಳೆ. ಇವುಗಳ ಜೊತೆ ಒಬ್ಬ ಮೇಸ್ತ್ರಿ, ಒಬ್ಬ ಜೆಸಿಬಿ ಆಪರೇಟರ್ ಬೇಕು. ಆಫೀಸಿನಲ್ಲೇ ಕೂತು ಬರೆದ ರಿಜಿಸ್ಟರು ಹಿಂದಿನ ಕಾಮಗಾರಿಯ ನಕಲು ಎಂಬುದು ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಸಮುದ್ರದಿಂದ ಅಷ್ಟು ದೂರದ ರಾಯಚೂರಿನ ಕೆಲಸಕ್ಕೆ ‘ಚಂಡಮಾರುತದ ಅಲೆ’ ಎಂದು ಬರೆದದ್ದನ್ನೂ ನೋಡಿದ್ದೇನೆ.

ಹಾಳೆಯಲ್ಲಿ ಕಾಲಮ್ಮುಗಳು ಈ ಕ್ರಮದಲ್ಲಿರಲಿ: ಉದ್ದೇಶ, ಹಜಾರ್ಡ್, ಥ್ರೆಟ್, ಎಕ್ಸ್‌ಪೋಶರ್, ರಿಸ್ಕ್ ವಾಕ್ಯ, ಸಂಭವ, ಪರಿಣಾಮ, ಕ್ರಮ, ಹೊಣೆ, ಮುಂದಿನ ಪರಿಶೀಲನೆ. ಒಂದು ಸಾಲಿನಲ್ಲಿ ಹಜಾರ್ಡ್ ಮತ್ತು ಥ್ರೆಟ್ ಎರಡೂ ತುಂಬಬೇಕೆಂಬ ನಿಯಮವಿಲ್ಲ.

## ಹಂತ 1: ಮೊದಲು ಉದ್ದೇಶ ಬರೆಯಿರಿ

ರಿಸ್ಕ್ ಎಂದರೆ ಉದ್ದೇಶಗಳ ಮೇಲೆ ಅನಿಶ್ಚಿತತೆಯ ಪರಿಣಾಮ ಎಂದು ರಿಸ್ಕ್ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ ISO 31000:2018 ಹೇಳುತ್ತದೆ. ಅಂದರೆ ಉದ್ದೇಶ ಬರೆಯದವನಿಗೆ ರಿಸ್ಕ್ ಬರೆಯಲು ಬರುವುದಿಲ್ಲ. ಬಹುತೇಕರು ಈ ಹಂತವನ್ನೇ ಹಾರುತ್ತಾರೆ.

ನಮ್ಮ ಕಾಮಗಾರಿಗೆ ಮೂರು ಸಾಕು. ಜೂನ್ 30ರೊಳಗೆ ಹಳ್ಳಿಯ ಟ್ಯಾಂಕಿಗೆ ನೀರು ಹತ್ತಬೇಕು. ಖರ್ಚು ಟೆಂಡರ್ ಮೊತ್ತ ಮೀರಬಾರದು. ಯಾರ ಕೈಕಾಲಿಗೂ ಪೆಟ್ಟಾಗಬಾರದು. ‘ಗುಣಮಟ್ಟದ ಕಾಮಗಾರಿ’ ಎಂದು ಬರೆದರೆ ಅದನ್ನು ಯಾವ ಸಾಲಿಗೂ ಹೊಂದಿಸಲು ಆಗುವುದಿಲ್ಲ. ದಿನಾಂಕ, ಮೊತ್ತ ಅಥವಾ ಮನುಷ್ಯ, ಈ ಮೂರರಲ್ಲೊಂದು ಉದ್ದೇಶದಲ್ಲಿ ಕಾಣಲಿ.

## ಹಂತ 2: ಲೈನಿನ ಉದ್ದಕ್ಕೂ ನಡೆಯಿರಿ, ‘ಇದೆ’ ಎನ್ನುವುದನ್ನೆಲ್ಲ ಬರೆಯಿರಿ

ಹಜಾರ್ಡ್ ಎಂದರೆ ಹಾನಿ ಮಾಡುವ ಶಕ್ತಿಯಿರುವ ಮೂಲ. ಹತ್ತಿರ ಯಾರೂ ಇಲ್ಲದಿದ್ದರೂ ಅದು ಅಲ್ಲೇ ಇರುತ್ತದೆ. ಆದ್ದರಿಂದ ಹಜಾರ್ಡ್ ವಾಕ್ಯ ಯಾವಾಗಲೂ ‘ಇದೆ’ ಎಂದೇ ಮುಗಿಯುತ್ತದೆ. ಹೊಲದ ಮೇಲೆ 11 ಕೆ.ವಿ. ತಂತಿ ಇದೆ. ಕಾಲುವೆ ಏರಿಯ ಬಳಿ 2.4 ಮೀಟರ್ ಆಳದ, ಗೋಡೆಗೆ ಆಸರೆಯಿಲ್ಲದ ಕಂದಕ ಇದೆ. ಗದ್ದೆಯ ಅಂಚಿನಲ್ಲಿ ಒಣಹುಲ್ಲು, ಅದರ ಪಕ್ಕ ಪೈಪಿನ ರಾಶಿ ಇದೆ.

ಎರಿ ಮಣ್ಣಿನ ಕಂದಕ ನೋಡುವವರಿಗೆ ಮೋಸ ಮಾಡುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಈ ಮಣ್ಣು ಒಣಗಿ ಕುಗ್ಗಿ, ಕೈ ತೂರುವಷ್ಟು ಬಿರುಕು ಬಿಡುತ್ತದೆ. ಆಗ ಅಗೆದ ಗೋಡೆ ಕಲ್ಲಿನಂತೆ ನೆಟ್ಟಗೆ ನಿಲ್ಲುತ್ತದೆ. ‘ಇದೇನ್ ಬೀಳ್ತೈತ್ರೀ ಸರ, ಗಚ್ಚಿನಂಗ ಐತಿ’ ಎಂದು ಜೆಸಿಬಿ ಆಪರೇಟರ್ ಹೇಳಿದ್ದು ಅವನು ಕಂಡಷ್ಟರ ಮಟ್ಟಿಗೆ ನಿಜ. ಆದರೆ ಬಿರುಕು ಕಂದಕದ ಅಂಚಿಗೆ ಸಮಾನಾಂತರವಾಗಿ ಒಂದೆರಡು ಅಡಿ ಹಿಂದೆ ಓಡಿರುತ್ತದೆ. ಮುಂಗಾರು ಮುಂಚಿನ ಒಂದು ಜೋರು ಮಳೆ ಬಿದ್ದರೆ ನೀರು ಆ ಬಿರುಕಿನಲ್ಲಿ ಇಳಿದು, ಗೋಡೆಯ ಒಂದು ಹೋಳು ಪೂರ್ತಿ ಬಿರಿದು ಒಳಗೆ ಬೀಳುತ್ತದೆ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗಿಂತ ಕಮ್ಮಿ ತೂಗುವುದಿಲ್ಲ. ಎದೆಮಟ್ಟ ಹೂತವನನ್ನು ಕೈಹಿಡಿದು ಎಳೆದು ತೆಗೆಯಲು ಆಗುವುದಿಲ್ಲ.

ಮಳೆಯ ಜಾಗ ಯಾವುದು ಎಂಬುದು ಇಲ್ಲಿ ತಿಳಿಯುತ್ತದೆ. ಕಂದಕದ ಮಟ್ಟಿಗೆ ಮಳೆ ಹಜಾರ್ಡೂ ಅಲ್ಲ, ರಿಸ್ಕೂ ಅಲ್ಲ. ಆಗಲೇ ಇರುವ ಹಜಾರ್ಡನ್ನು ಎಬ್ಬಿಸುವ ಕಿಡಿ ಅದು. ರಿಸ್ಕ್ ವಾಕ್ಯದ ಒಳಗೆ ಕಾರಣವಾಗಿ ಅದು ಕೂರಬೇಕು.

ಈ ಹಂತದ ಮಾಮೂಲಿ ತಪ್ಪೆಂದರೆ ಮನುಷ್ಯರನ್ನೇ ಹಜಾರ್ಡ್ ಮಾಡುವುದು. ‘ಅನುಭವವಿಲ್ಲದ ಕಾರ್ಮಿಕರು’ ಹಜಾರ್ಡ್ ಅಲ್ಲ, ಪೆಟ್ಟು ತಿನ್ನುವವರೇ ಅವರು. ಅವರು ಬರಬೇಕಾದದ್ದು ಎಕ್ಸ್‌ಪೋಶರ್ ಕಾಲಮ್ಮಿನಲ್ಲಿ.

## ಹಂತ 3: ಎಕ್ಸ್‌ಪೋಶರ್ ಎಣಿಸಿ, ವರ್ಣಿಸಬೇಡಿ

ಆ ಹಜಾರ್ಡಿನ ಬಾಯಿಗೆ ಯಾರು, ಏನು, ಎಷ್ಟು, ಎಷ್ಟು ಹೊತ್ತು ಸಿಕ್ಕಿರುತ್ತದೆ ಎಂಬುದೇ ಎಕ್ಸ್‌ಪೋಶರ್. ಇದು ‘ಎಷ್ಟು?’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ‘ಕಾರ್ಮಿಕರು ಒಡ್ಡಿಕೊಂಡಿದ್ದಾರೆ’ ಎಂಬುದು ಉತ್ತರವಲ್ಲ.

ನಮ್ಮ ಕಾಲುವೆ ದಾಟುವ ಜಾಗದ ಮೊದಲ ಯೋಜನೆ ಹೀಗಿತ್ತು: ಕಂದಕದೊಳಗೆ ಮೂವರು ಇಳಿದು ಅಲ್ಲೇ ಪೈಪು ವೆಲ್ಡ್ ಮಾಡಿ ಜೋಡಿಸುವುದು, ದಿನಕ್ಕೆ ನಾಲ್ಕು ಗಂಟೆ, 12 ದಿನ. ಗುಣಿಸಿದರೆ 144 ಆಳು-ಗಂಟೆ. ಈ ಒಂದು ಅಂಕಿಯನ್ನು ಹಾಳೆಯಲ್ಲಿ ಬರೆದ ಕೂಡಲೇ ಮೇಸ್ತ್ರಿ ಕೇಳಿದ: ‘ವೆಲ್ಡಿಂಗ್ ಮ್ಯಾಲೇ ಮಾಡಿ ಇಳಿಸಿದ್ರ ಆಗಂಗಿಲ್ಲೇನ್ರೀ?’ ಆಗುತ್ತದೆ. ಎಚ್‌ಡಿಪಿಇ ಪೈಪಿನ ಜಾಯಿಂಟನ್ನು ದಂಡೆಯ ಮೇಲೆ ಮಷಿನ್‌ನಲ್ಲಿ ಬೆಸೆದು, ತಣಿದ ಮೇಲೆ ಉದ್ದಕ್ಕೆ ಇಳಿಸಬಹುದು, ಪೈಪು ಬಾಗುತ್ತದೆ. ಕಬ್ಬಿಣದ ಕೇಸಿಂಗ್ ಪೈಪನ್ನೂ ಜೆಸಿಬಿಯಿಂದ ಮೇಲಿಂದಲೇ ಇಡಬಹುದು. ಆಗ ಒಳಗೆ ಇಳಿಯಬೇಕಾದದ್ದು ಮರಳು ಹಾಸು ಸಮ ಮಾಡಲು, ಕೊನೆಯ ಜೋಡಣೆಗೆ, ಅಳತೆಗೆ. ಇಬ್ಬರು, ದಿನಕ್ಕೆ ಒಂದು ಗಂಟೆ, 12 ದಿನ: 24 ಆಳು-ಗಂಟೆ. ಆರರಲ್ಲೊಂದು ಪಾಲು.

ಹಜಾರ್ಡ್ ಕೂದಲೆಳೆಯಷ್ಟೂ ಬದಲಾಗಿಲ್ಲ. ಕಂದಕ ಅಷ್ಟೇ ಆಳ, ಮಣ್ಣು ಅದೇ. ಬದಲಾದದ್ದು ಎಕ್ಸ್‌ಪೋಶರ್ ಮಾತ್ರ. ಇವೆರಡನ್ನೂ ಒಂದೇ ಪದದಲ್ಲಿ ‘ಕಂದಕದ ಅಪಾಯ’ ಎಂದು ಬರೆದಿದ್ದರೆ ಈ ದಾರಿ ಯಾರಿಗೂ ಹೊಳೆಯುತ್ತಿರಲಿಲ್ಲ. ‘ಹೆಲ್ಮೆಟ್ ಕಡ್ಡಾಯ’ ಎಂದು ಬರೆದು ಮುಂದೆ ಹೋಗುತ್ತಿದ್ದರು.

ವಸ್ತುಗಳ ಎಕ್ಸ್‌ಪೋಶರೂ ಇದೆ. 6 ಮೀಟರಿನ 700 ಪೈಪುಗಳಲ್ಲಿ 240 ಅನ್ನು ಒಂದೇ ಗದ್ದೆಯ ಅಂಚಿನಲ್ಲಿ ಪೇರಿಸಿದ್ದರು. ಎರಡನೇ ಬೆಳೆ ಭತ್ತ ಕೊಯ್ದ ಮೇಲೆ ಸಿಂಧನೂರು ಸುತ್ತ ಹುಲ್ಲಿಗೆ ಬೆಂಕಿ ಹಚ್ಚುವುದು ಸಾಮಾನ್ಯ. ಎಚ್‌ಡಿಪಿಇ ಒಮ್ಮೆ ಹತ್ತಿಕೊಂಡರೆ ಮೇಣದಂತೆ ಕರಗಿ ಹರಿಯುತ್ತಾ ಉರಿಯುತ್ತದೆ. ರಾಶಿಯನ್ನು ಮೂರು ಜಾಗಕ್ಕೆ, ಹುಲ್ಲಿಲ್ಲದ ನೆಲಕ್ಕೆ ಹಂಚಿದರೆ ಒಂದು ಬೆಂಕಿಗೆ ಸಿಗುವುದು 240 ಅಲ್ಲ, 80 ಪೈಪು.

## ಹಂತ 4: ಥ್ರೆಟ್ ಎಂದರೇನೆಂದು ಮೊದಲ ಹಾಳೆಯಲ್ಲೇ ಹೇಳಿಬಿಡಿ

ಜಗಳ ಹೆಚ್ಚು ಹುಟ್ಟುವುದು ಈ ಪದದಿಂದ, ಏಕೆಂದರೆ ಇದಕ್ಕೆ ಎರಡು ಮನೆ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್, ಅಂದರೆ ಪಿಎಂಐನವರ ಪಾಠದಲ್ಲಿ ರಿಸ್ಕಿಗೆ ಎರಡು ಮುಖ: ಕೆಟ್ಟದಾದರೆ ಥ್ರೆಟ್, ಒಳ್ಳೆಯದಾದರೆ ಆಪರ್ಚುನಿಟಿ. ಭದ್ರತೆಯ ಲೋಕದಲ್ಲಿ ಥ್ರೆಟ್ ಎಂದರೆ ಬೇಕೆಂದೇ ಹಾನಿ ಮಾಡಬಲ್ಲ ಕೈ: ಕಳ್ಳ, ಹ್ಯಾಕರ್. ಎರಡೂ ಅವರವರ ಮನೆಯಲ್ಲಿ ಸರಿ. ಒಂದೇ ರಿಜಿಸ್ಟರಿನಲ್ಲಿ ಎರಡೂ ಸೇರಿದರೆ ಕೆಟ್ಟಿತು.

ಸೈಟಿನ ರಿಜಿಸ್ಟರಿಗೆ ನಾನು ಎರಡನೆಯ ಅರ್ಥವನ್ನೇ ಹಿಡಿಯುತ್ತೇನೆ. ಮೊದಲ ಅರ್ಥದಲ್ಲಿ ಪ್ರತಿ ಸಾಲೂ ಥ್ರೆಟ್ ಆಗುವುದರಿಂದ ಕಾಲಮ್ಮಿಗೆ ಕೆಲಸವೇ ಇರುವುದಿಲ್ಲ. ನಿಮ್ಮ ಮೇಲಿನವರು ಪಿಎಂಐ ಅರ್ಥವನ್ನೇ ಕೇಳಿದರೆ ಹಾಗೇ ಮಾಡಿ, ಆದರೆ ಈ ಕಾಲಮ್ಮಿಗೆ ‘ಉದ್ದೇಶಪೂರ್ವಕ ಕೃತ್ಯ’ ಎಂದು ಬೇರೆ ಹೆಸರು ಕೊಡಿ.

ಥ್ರೆಟ್ ‘ಯಾರು?’ ಎಂಬ ಪ್ರಶ್ನೆಗೆ ಉತ್ತರ. ಅದನ್ನು ಗುರುತಿಸಲು ನನ್ನ ಪರೀಕ್ಷೆ ಇದು: ನೀವು ಬೀಗ ಹಾಕಿದರೆ ಆ ಕಡೆಯದು ದಾರಿ ಬದಲಿಸುತ್ತದೆಯೇ? ಪಂಪ್‌ಹೌಸಿನ ತಾಮ್ರದ ಕೇಬಲ್ ಕದಿಯುವವನು ಬದಲಿಸುತ್ತಾನೆ. ಮುಂದಿನ ಬಾಗಿಲಿಗೆ ಕಾವಲು ಇಟ್ಟರೆ ಹಿಂದಿನ ಕಿಟಕಿಗೆ ಬರುತ್ತಾನೆ. ಆದ್ದರಿಂದ ಅವನು ಥ್ರೆಟ್. ಹುಲ್ಲಿನ ಬೆಂಕಿ ನಿಮ್ಮ ಬೀಗ ನೋಡಿ ಯೋಚಿಸುವುದಿಲ್ಲ. ಬೆಂಕಿ ಹಚ್ಚಿದವನಿಗೂ ನಿಮ್ಮ ಪೈಪು ಸುಡುವ ಮನಸ್ಸಿಲ್ಲ, ಹೊಲ ಹಸನು ಮಾಡಿಕೊಳ್ಳುತ್ತಿದ್ದಾನೆ ಅಷ್ಟೆ. ಅದು ಹಜಾರ್ಡ್ ಕಾಲಮ್ಮಿಗೆ ಹೋಗಬೇಕು.

ಒಂದು ಎಚ್ಚರಿಕೆ. ‘ರೈತರ ವಿರೋಧ’ ಎಂದು ಥ್ರೆಟ್ ಕಾಲಮ್ಮಿನಲ್ಲಿ ಬರೆಯಬೇಡಿ. ಹೊಲದ ನಡುವೆ ಕಂದಕ ತೋಡುವವರು ನಾವು. ಅಲ್ಲಿರುವ ಸಂಗತಿ ‘ಮೂರು ಸರ್ವೆ ನಂಬರಿನ ಒಪ್ಪಿಗೆ ಪತ್ರ ಇನ್ನೂ ಆಗಿಲ್ಲ’ ಎಂಬುದು, ಅದನ್ನೇ ಬರೆಯಿರಿ. ರಿಜಿಸ್ಟರು ಒಂದಲ್ಲ ಒಂದು ದಿನ ಗ್ರಾಮ ಪಂಚಾಯಿತಿಯ ಕೈಗೂ ಹೋಗುತ್ತದೆ, ಆಗ ಆ ಪದವನ್ನು ವಿವರಿಸುವ ಪಾಡು ನಿಮ್ಮದೇ.

## ಹಂತ 5: ರಿಸ್ಕ್ ವಾಕ್ಯ ‘ಈತು’ ಎಂದು ಮುಗಿಯಲಿ

ಆರಂಭದಲ್ಲಿ ಹೇಳಿದ ಒರೆಗಲ್ಲು ಇದು. ಬಂದೀತು, ಬಿದ್ದೀತು, ತಡವಾದೀತು: ವ್ಯಾಕರಣದಲ್ಲಿ ಸಂಭಾವನಾರ್ಥಕ ಎಂದು ಓದಿದ ರೂಪ. ನಮ್ಮ ಕಡೆ ದಿನಬೆಳಗಾದರೆ ಬಾಯಲ್ಲಿರುವುದು. ಹಜಾರ್ಡ್ ‘ಇದೆ’ ಎನ್ನುತ್ತದೆ, ಎಕ್ಸ್‌ಪೋಶರ್ ‘ಎಷ್ಟು’ ಹೇಳುತ್ತದೆ, ಥ್ರೆಟ್ ‘ಯಾರು’ ಹೇಳುತ್ತದೆ, ರಿಸ್ಕ್ ಮಾತ್ರ ‘ಆದೀತು’ ಎನ್ನುತ್ತದೆ. ವಾಕ್ಯ ‘ಆಗಿದೆ’ ಎಂದು ಮುಗಿದರೆ ಅದು ರಿಸ್ಕ್ ಅಲ್ಲ, ಆಗಿಹೋದ ತೊಂದರೆ. ಅದನ್ನು ಇಶ್ಯೂ ಪಟ್ಟಿಗೆ ಸರಿಸಿ.

ಮೊದಲ ಯೋಜನೆಯ ಲೆಕ್ಕದಲ್ಲಿ ಕಂದಕದ ಸಾಲು ತುಂಬಿದ ಮೇಲೆ ಹೀಗಾಯಿತು:

- ಹಜಾರ್ಡ್: ಕಾಲುವೆ ಏರಿಯ ಬಳಿ 2.4 ಮೀ. ಆಳದ, ಆಸರೆಯಿಲ್ಲದ ನೆಟ್ಟಗೋಡೆಯ ಕಂದಕ, ಬಿರುಕು ಬಿಟ್ಟ ಎರಿ ಮಣ್ಣು ಇದೆ.
- ಥ್ರೆಟ್: ಇಲ್ಲ.
- ಎಕ್ಸ್‌ಪೋಶರ್: ಮೂವರು, ದಿನಕ್ಕೆ 4 ಗಂಟೆ, 12 ದಿನ, 144 ಆಳು-ಗಂಟೆ.
- ರಿಸ್ಕ್: ಬಿರುಕಿಗೆ ಮಳೆನೀರು ಇಳಿದು ಗೋಡೆ ಕುಸಿದು, ಒಳಗಿದ್ದವರು ಹೂತು ಜೀವ ಹೋದೀತು, ಕೆಲಸ ನಿಂತು ಜೂನ್ 30 ತಪ್ಪೀತು.

ಕಾರಣ, ಘಟನೆ, ಉದ್ದೇಶಕ್ಕೆ ಬೀಳುವ ಪೆಟ್ಟು, ಮೂರೂ ಒಂದೇ ಉಸಿರಿನಲ್ಲಿವೆ. ಇವುಗಳಲ್ಲಿ ಒಂದು ಬಿಟ್ಟುಹೋದರೂ ವಾಕ್ಯ ಕುಂಟುತ್ತದೆ.

ಹಜಾರ್ಡೂ ಥ್ರೆಟ್ಟೂ ಇಲ್ಲದ ರಿಸ್ಕ್ ಕೂಡ ಇದೆ, ಇದನ್ನು ಒಪ್ಪಿಕೊಳ್ಳಲು ಹೊಸಬರಿಗೆ ಕಷ್ಟ. ಕಾಲುವೆಗೆ ನೀರು ಯಾವಾಗ ಬಿಡಬೇಕೆಂದು ನೀರಾವರಿ ಸಲಹಾ ಸಮಿತಿ ಸಭೆ ಸೇರಿ ನಿರ್ಧರಿಸುತ್ತದೆ, ಜಲಾಶಯದ ಮಟ್ಟ ನೋಡಿಕೊಂಡು. ನಮ್ಮ ವೇಳಾಪಟ್ಟಿಯಲ್ಲಿ ದಾಟುವ ಕೆಲಸ ಜೂನ್ 15ಕ್ಕೆ ಶುರು ಎಂದಿತ್ತು. ಇಲ್ಲಿ ಯಾವ ವಸ್ತುವೂ ಹಾನಿ ಮಾಡಲು ಕಾದಿಲ್ಲ, ಯಾರಿಗೂ ಕೆಟ್ಟ ಮನಸ್ಸಿಲ್ಲ. ಇರುವುದು ಗೊತ್ತಿಲ್ಲದ ಒಂದು ದಿನಾಂಕ. ‘ಮುಂಗಾರು ಬೇಗ ಬಂದು, ದಾಟುವ ಕೆಲಸ ಮುಗಿಯುವ ಮುನ್ನ ನೀರು ಬಿಡುವುದಾದರೆ, ಅಗೆದದ್ದನ್ನು ಮುಚ್ಚಿ ಮುಂದಿನ ಕಾಲುವೆ ಬಂದ್‌ವರೆಗೆ ಕಾಯಬೇಕಾದೀತು’. ಹಜಾರ್ಡ್ ಕಾಲಮ್ ಖಾಲಿ ಬಿಡಿ. ಅಲ್ಲಿ ‘ನೀರು’ ಎಂದು ತುರುಕಬೇಡಿ.

ಈ ಅನಿಶ್ಚಿತತೆ ಬರೀ ಕಾಗದದ್ದಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋದಾಗ, ಆ ವರ್ಷ ಕಾಲುವೆಯ ನೀರನ್ನು ನಂಬಿ ಹಾಕಿದ ಎಲ್ಲ ಲೆಕ್ಕಗಳ ಕೆಳಗಿನ ನೆಲ ಒಂದೇ ರಾತ್ರಿ ಅಲುಗಿತ್ತು.

## ಹಂತ 6: ಅಂಕ ರಿಸ್ಕಿಗೆ, ಕ್ರಮ ಉಳಿದ ಮೂರಕ್ಕೆ

ಸಂಭವ, ಪರಿಣಾಮದ ಅಂಕ ಕೊಡಬೇಕಾದದ್ದು ‘ಈತು’ ವಾಕ್ಯಕ್ಕೆ ಮಾತ್ರ. ‘ಕಂದಕ’ ಎಂಬ ನಾಮಪದಕ್ಕೆ ಸಂಭವ 3 ಎಂದರೆ ಅರ್ಥವೇನು? ಕಂದಕ ಇದ್ದೇ ಇದೆ, ಅದರ ಸಂಭವ ನೂರಕ್ಕೆ ನೂರು.

ಕ್ರಮದ ಕಾಲಮ್ಮಿನಲ್ಲಿ ಪ್ರತಿ ಕೆಲಸದ ಮುಂದೆ ಅದು ಯಾವುದನ್ನು ಮುಟ್ಟುತ್ತದೆ ಎಂದು ಒಂದು ಪದ ಬರೆಯಿರಿ. ಗೋಡೆಯನ್ನು ಇಳಿಜಾರಾಗಿ ಅಗೆಯುವುದು, ಜಾಗವಿಲ್ಲದಲ್ಲಿ ಹಲಗೆ ಆಸರೆ ಕೊಡುವುದು, ಅಗೆದ ಮಣ್ಣನ್ನು ಅಂಚಿನಿಂದ ದೂರ ಸುರಿಯುವುದು: ಇವು ಹಜಾರ್ಡನ್ನು ಮುಟ್ಟುತ್ತವೆ. ವೆಲ್ಡಿಂಗ್ ಮೇಲೆ ಮಾಡುವುದು ಎಕ್ಸ್‌ಪೋಶರನ್ನು ಮುಟ್ಟುತ್ತದೆ. 11 ಕೆ.ವಿ. ತಂತಿಯ ಕೆಳಗೆ ಜೆಸಿಬಿ ಓಡುವ ಎರಡು ದಿನ ವಿದ್ಯುತ್ ಕಂಪನಿ ಜೆಸ್ಕಾಂನಿಂದ ಎಲ್‌ಸಿ ತೆಗೆದುಕೊಂಡು ಲೈನು ಬಂದ್ ಮಾಡಿಸಿದರೆ ಆ ಹೊತ್ತಿಗೆ ಹಜಾರ್ಡೇ ಸತ್ತಂತೆ. ಕಾವಲುಗಾರ ಥ್ರೆಟ್ಟನ್ನು ಮುಟ್ಟುತ್ತಾನೆ. ಯಾವುದನ್ನೂ ಮುಟ್ಟದ ಕ್ರಮವನ್ನು ಅಳಿಸಿ. ‘ಮುನ್ನೆಚ್ಚರಿಕೆ ವಹಿಸುವುದು’ ಮೊದಲ ಏಟಿಗೇ ಹೋಗುತ್ತದೆ.

ಕಂದಕದ ಸಾಲಿಗೆ ಮೊದಲು ಸಂಭವ 3, ಪರಿಣಾಮ 5, ಗುಣಿಸಿ 15 ಕೊಟ್ಟಿದ್ದರು. ಎಕ್ಸ್‌ಪೋಶರ್ ಆರನೇ ಒಂದು ಪಾಲಿಗೆ ಇಳಿದ ಮೇಲೆ ಎಂಜಿನಿಯರ್ ಸಂಭವವನ್ನೂ ಪರಿಣಾಮವನ್ನೂ ಇಳಿಸಿ, ಅಂಕ 6ಕ್ಕೆ ತಂದು ಹಸಿರು ಬಣ್ಣ ಬಳಿದಿದ್ದ. ಇದು ತಪ್ಪು. ಒಳಗಿರುವ ಹೊತ್ತು ಕಮ್ಮಿಯಾದರೆ ಜನ ಸಿಕ್ಕಿಕೊಳ್ಳುವ ಸಂಭವ ಕಮ್ಮಿಯಾಗುತ್ತದೆ, ಆದರೆ ಆ ಒಂದು ಗಂಟೆಯಲ್ಲಿ ಗೋಡೆ ಬಿದ್ದರೆ ಸಾವು ಸಾವೇ. ಪರಿಣಾಮ 5 ಹಾಗೇ ಉಳಿಯಬೇಕು, ಸಂಭವ 2, ಗುಣಿಸಿದರೆ 10. ಪರಿಣಾಮದ ಅಂಕ ಇಳಿಯಬೇಕಾದರೆ ಆಳವನ್ನೇ ಕಮ್ಮಿ ಮಾಡಬೇಕು ಅಥವಾ ಗೋಡೆಯನ್ನೇ ಇಳಿಜಾರು ಮಾಡಬೇಕು. ಹಸಿರು ಬಣ್ಣದ ಸಾಲನ್ನು ಸೈಟಿನಲ್ಲಿ ಯಾರೂ ಎರಡನೇ ಸಲ ಓದುವುದಿಲ್ಲ.

ಕಾಲುವೆ ದಿನಾಂಕದ ಸಾಲಿಗೆ ಕ್ರಮ ಸರಳವಾಗಿತ್ತು: ಜೂನ್ 15ರ ಕೆಲಸವನ್ನು ಎರಡನೇ ಬೆಳೆಯ ನೀರು ನಿಂತ ಮರುವಾರಕ್ಕೆ ತರುವುದು. ಅದಕ್ಕೆ ನೀರಾವರಿ ಇಲಾಖೆಯ ಅನುಮತಿ ಮೊದಲೇ ಕೈಲಿರಬೇಕು. ಹಾಗಾಗಿ ಹೊಣೆಯ ಕಾಲಮ್ಮಿನಲ್ಲಿ ಸೈಟ್ ಎಂಜಿನಿಯರ್ ಬದಲು ಅರ್ಜಿ ಹಿಡಿದು ಓಡಾಡುವವರ ಹೆಸರು ಬಂತು.

## ಹಂತ 7: ಸಾಲು ಕೆಟ್ಟಿದೆ ಎಂದು ತಿಳಿಯುವುದು ಹೇಗೆ

ಒಂದೇ ಪದ ‘ಹಜಾರ್ಡ್’ ಮತ್ತು ‘ರಿಸ್ಕ್’ ಎರಡರಲ್ಲೂ ಕಂಡರೆ ನಕಲು ನಡೆದಿದೆ. ಎಕ್ಸ್‌ಪೋಶರಿನಲ್ಲಿ ಅಂಕಿಯೇ ಇಲ್ಲದಿದ್ದರೆ ಯಾರೂ ಸೈಟಿಗೆ ಹೋಗಿಲ್ಲ. ಮೂರು ತಿಂಗಳಿಂದ ಯಾವ ಅಂಕವೂ ಬದಲಾಗಿಲ್ಲವೆಂದರೆ ರಿಜಿಸ್ಟರು ಬಿಲ್ಲಿನ ಜೊತೆ ಲಗತ್ತಿಸಲಿಕ್ಕಷ್ಟೇ ಇದೆ.

ಸೈಟಿನ ಸೂಚನೆಗಳನ್ನೂ ಪರಿಶೀಲನೆಯ ಕಾಲಮ್ಮಿನಲ್ಲಿ ಬರೆದಿಡಿ, ಮೇಸ್ತ್ರಿಗೆ ಓದಿ ಹೇಳಿ. ಕಂದಕದ ಅಂಚಿನ ಹಿಂದೆ ಹೊಸ ಬಿರುಕು, ಬೆಳಿಗ್ಗೆ ತಳದಲ್ಲಿ ರಾತ್ರಿ ಉದುರಿದ ಹೆಂಟೆ, ಗೋಡೆಯಲ್ಲಿ ಜಿನುಗುವ ನೀರು: ಮೂರರಲ್ಲಿ ಒಂದು ಕಂಡರೂ ಯಾರೂ ಇಳಿಯಬಾರದು. ಆ ದಿನ ಎಕ್ಸ್‌ಪೋಶರ್ ಸೊನ್ನೆ.

ಕೆಲಸ ಮುಗಿದು ಮಣ್ಣು ಮುಚ್ಚಿದ ಸಂಜೆಯೇ ಕಂದಕದ ಸಾಲನ್ನು ‘ಕ್ಲೋಸ್ಡ್’ ಮಾಡುವ ಆತುರ ಎಲ್ಲರಿಗೂ. ಕುಸಿಯುವ ಗೋಡೆ ಹೋಯಿತು, ಆ ಸಾಲು ಮುಚ್ಚಿ. ಆದರೆ ಅದೇ ಜಾಗದಲ್ಲಿ ಹೊಸದೊಂದು ಹಜಾರ್ಡ್ ಹುಟ್ಟಿದೆ: ಕಾಲುವೆ ಏರಿಯಲ್ಲಿ ಒಂದು ಜೆಸಿಬಿ ಬಕೆಟಿನ ಅಗಲ, ಹೆಂಟೆಹೆಂಟೆಯಾಗಿ ಸುರಿದ, ಸರಿಯಾಗಿ ದಮ್ಮಸು ಆಗದ ಎರಿ ಮಣ್ಣು ಇದೆ. ನೀರು ಬಿಟ್ಟಾಗ ಅದು ಕುಸಿದು ಕೂತು, ಏರಿ ಸೋರಿ, ಕೆಳಗಿನ ಗದ್ದೆಗೆ ನೀರು ನುಗ್ಗೀತು. ಹೊಸ ಸಾಲು, ಹೊಸ ಎಕ್ಸ್‌ಪೋಶರ್: ಕೆಳಗಿನ ಎಷ್ಟು ಎಕರೆ, ಯಾರ ಸಸಿಮಡಿ ಎಂದು ಎಣಿಸಿ. ಪರಿಶೀಲನೆಯ ದಿನಾಂಕದ ಜಾಗದಲ್ಲಿ ‘ಕಾಲುವೆಗೆ ನೀರು ಬಂದ ಮೊದಲ ಮೂರು ದಿನ, ಬೆಳಿಗ್ಗೆ-ಸಂಜೆ’ ಎಂದು ಬರೆದು, ಏರಿಯ ಮೇಲೆ ನಿಂತು ನೋಡುವವನ ಹೆಸರನ್ನು ಹೊಣೆಯ ಕಾಲಮ್ಮಿಗೆ ಹಾಕಿ.